ರದ್ದಾದ ಪ್ರವಾಸಕ್ಕೆ ಬರೆದ ಎರಡನೆಯ ಪತ್ರ

ದಸರಾ ರಜೆಯಲ್ಲಿ ನಾನು ಮತ್ತು ನನ್ನ ಪತ್ನಿ ಸಿಂಗಪುರಕ್ಕೆ ಹೊರಡಬೇಕಾಗಿದ್ದ ದಿನ 2024ರ ಅಕ್ಟೋಬರ್ 14. ಅದಕ್ಕೆ ಹನ್ನೆರಡು ದಿನ ಮೊದಲು ಬಾಗಲಕೋಟೆಯ ನವನಗರದಲ್ಲಿರುವ ನಮ್ಮ ಮನೆಯ ಹಿತ್ತಲಿನಲ್ಲಿ ತಾಯಿಯವರು ಜಾರಿ ಬಿದ್ದು, ಸೊಂಟದ ಕೀಲಿನ ಬಳಿ ತೊಡೆಯ ಎಲುಬು ಮುರಿಯಿತು. ಪ್ರವಾಸವನ್ನು ಕೈಬಿಟ್ಟೆವು. ವಿಮಾ ಕಂಪನಿಗೆ ನಾನು ಬರೆದ ಮೊದಲ ಪತ್ರ ನಾಲ್ಕು ಪುಟಗಳಷ್ಟಿತ್ತು. ನಮಗಾದ ಆಘಾತವನ್ನೆಲ್ಲ ಅದರಲ್ಲಿ ತೋಡಿಕೊಂಡಿದ್ದೆ, ರಸೀದಿಗಳನ್ನು ಒಟ್ಟಾಗಿ ಪಿನ್ನು ಹಾಕಿ ಲಗತ್ತಿಸಿದ್ದೆ. ಎರಡು ವಾರಗಳ ನಂತರ ಹಣದ ಬದಲು ಮೂರು ಪ್ರಶ್ನೆಗಳು ಬಂದವು. ಮೂವತ್ತು ವರ್ಷ ಮಕ್ಕಳ ಉತ್ತರಪತ್ರಿಕೆ ತಿದ್ದಿದವನಿಗೆ, ಕೇಳಿದ್ದನ್ನು ಬಿಟ್ಟು ಉಳಿದದ್ದನ್ನೆಲ್ಲ ಬರೆದವನು ಈ ಸಲ ನಾನೇ ಎಂಬುದು ಕೂಡಲೇ ಅರ್ಥವಾಯಿತು.

ಮೊದಲ ಪ್ರಶ್ನೆ ಕಾಯಿಲೆಯ ಹಿನ್ನೆಲೆಯದು. ನಮ್ಮ ಪಾಲಿಸಿಯು ಪೋಷಕರ ಆಸ್ಪತ್ರೆ ವಾಸವನ್ನು ಪ್ರವಾಸ ರದ್ದತಿಗೆ ಕಾರಣವೆಂದು ಒಪ್ಪುತ್ತಿತ್ತು. ಆದರೆ ಪಾಲಿಸಿ ಕೊಳ್ಳುವ ಮೊದಲೇ ಇದ್ದ ಕಾಯಿಲೆಯಿಂದ ಅದು ಉಂಟಾಗಿರಬಾರದಿತ್ತು. ತಾಯಿಯವರಿಗೆ ಬಿ.ಪಿ. ಇದೆ, ಡಿಸ್ಚಾರ್ಜ್ ಸಾರಾಂಶದಲ್ಲಿ ಆ ಮಾತು ಬಂದಿತ್ತು, ವೈದ್ಯರ ಪ್ರಮಾಣಪತ್ರದಲ್ಲಿ ಮಾತ್ರ ಎಲುಬು ಮುರಿದಿದೆ ಎಂಬುದನ್ನು ಬಿಟ್ಟರೆ ಬೇರೇನೂ ಇರಲಿಲ್ಲ. ಆದ್ದರಿಂದ ಶಸ್ತ್ರಚಿಕಿತ್ಸೆ ಮಾಡಿದ ವೈದ್ಯರನ್ನೇ ಮತ್ತೆ ಕಂಡು, ಮುರಿತವು ಬಿದ್ದದ್ದರಿಂದಲೇ ಆದದ್ದು, ಅದಕ್ಕೂ ರಕ್ತದೊತ್ತಡಕ್ಕೂ ಸಂಬಂಧವಿಲ್ಲ, ರೋಗಿಗೆ ಮನೆಯವರ ಆರೈಕೆ ಆರು ವಾರ ಬೇಕು ಎಂಬ ಮೂರು ಸಂಗತಿಗಳನ್ನು ದಿನಾಂಕ ಮತ್ತು ನೋಂದಣಿ ಸಂಖ್ಯೆಯೊಂದಿಗೆ ಬರೆಸಿಕೊಂಡೆ. ಬಿ.ಪಿ. ಇರುವುದನ್ನು ಪತ್ರದಲ್ಲಿ ನಾನಾಗಿಯೇ ಹೇಳಿದೆ. ಮುಚ್ಚಿಟ್ಟು ಅವರೇ ಕಂಡುಹಿಡಿದರೆ ಉಳಿದ ಮಾತುಗಳನ್ನೂ ನಂಬುತ್ತಿರಲಿಲ್ಲ.

ಎರಡನೆಯದು ಹೆಸರಿನ ತೊಡಕು. ಆಸ್ಪತ್ರೆಯಲ್ಲಿ ಗಡಿಬಿಡಿಯಲ್ಲಿ ತಾಯಿಯವರನ್ನು ಮನೆಯಲ್ಲಿ ಕರೆಯುವ ಹೆಸರನ್ನು ಬರೆಸಿದ್ದೆವು, ನನ್ನ ಪಾಸ್‌ಪೋರ್ಟಿನ ಕೊನೆಯ ಪುಟದಲ್ಲಿ ತಾಯಿಯ ಹೆಸರೆಂದು ಇದ್ದದ್ದು ಬೇರೆ. ಇಬ್ಬರೂ ಒಬ್ಬರೇ ಎಂದು ನೋಟರಿಯ ಮುಂದೆ ಅಫಿಡವಿಟ್ ಮಾಡಿಸಿ, ಪಾಸ್‌ಪೋರ್ಟಿನ ಆ ಪುಟದ ಪ್ರತಿಯನ್ನೂ ಆಧಾರ್ ಪ್ರತಿಯನ್ನೂ ಅದರ ಜೊತೆಗಿಟ್ಟೆ.

ಮೂರನೆಯದು ಹಣದ ಲೆಕ್ಕ, ಹೆಚ್ಚು ಕಲಿತದ್ದು ಅಲ್ಲಿಯೇ. ವಿಮೆಯವರು ಕೊಡುವುದು ಕಟ್ಟಿದ ಹಣವನ್ನಲ್ಲ, ಕಟ್ಟಿ ಮರಳಿ ಬಾರದ ಹಣವನ್ನು. ವಿಮಾನದ ಟಿಕೆಟ್ ರದ್ದಾದಾಗ ಮೂಲ ದರ ಮುಳುಗಿದರೂ ವಿಮಾನ ನಿಲ್ದಾಣದ ಬಳಕೆ ಶುಲ್ಕದಂತಹ ತೆರಿಗೆಗಳು ಮರಳಿ ಬರುತ್ತವೆ. ಏಜೆಂಟರು ಕೊಟ್ಟ ಚೀಟಿಯಲ್ಲಿ ಮರಳಿ ಬಂದ ಮೊತ್ತ ಮಾತ್ರ ಇತ್ತು. ಎಷ್ಟನ್ನು ವಿಮಾನ ಸಂಸ್ಥೆ ಹಿಡಿದುಕೊಂಡಿತು, ಎಷ್ಟನ್ನು ಏಜೆಂಟರು ಹಿಡಿದುಕೊಂಡರು ಎಂಬುದು ಅದರಿಂದ ತಿಳಿಯುತ್ತಿರಲಿಲ್ಲ. ವಿಮಾನ ಸಂಸ್ಥೆಯಿಂದಲೇ ರದ್ದತಿ ಪತ್ರ ತರಿಸಿದ ಮೇಲೆ ಲೆಕ್ಕ ಕುದುರಿತು. ಹೋಟೆಲಿನವರಿಂದಲೂ ಒಂದು ರೂಪಾಯಿ ಮರಳಿಸುವುದಿಲ್ಲ ಎಂಬುದನ್ನು ಇ-ಮೇಲ್‌ನಲ್ಲಿ ಬರೆಸಿಕೊಂಡೆ.

ನವೆಂಬರ್ 9ರ ಎರಡನೆಯ ಪತ್ರ ಒಂದೇ ಪುಟದ್ದಾಗಿತ್ತು. ಅದರ ನಡುಭಾಗ ಹೀಗಿತ್ತು:

"ಜುಲೈ 8: ವಿಮಾನದ ಟಿಕೆಟ್ ಮತ್ತು ಹೋಟೆಲ್ ಕಾಯ್ದಿರಿಸಿದೆವು (ಲಗತ್ತು 1, 2).
ಜುಲೈ 12: ಪಾಲಿಸಿ ಪಡೆದೆವು (ಲಗತ್ತು 3).
ಅಕ್ಟೋಬರ್ 2: ತಾಯಿ ಬಿದ್ದು ಆಸ್ಪತ್ರೆಗೆ ದಾಖಲಾದರು (ಲಗತ್ತು 4).
ಅಕ್ಟೋಬರ್ 4: ಶಸ್ತ್ರಚಿಕಿತ್ಸೆ ಆಯಿತು (ಲಗತ್ತು 5).
ಅಕ್ಟೋಬರ್ 5: ಟಿಕೆಟ್ ಮತ್ತು ಹೋಟೆಲ್ ರದ್ದು ಮಾಡಿ, ಅಂದೇ ತಮಗೆ ಇ-ಮೇಲ್ ಮೂಲಕ ತಿಳಿಸಿದೆವು (ಲಗತ್ತು 6, 7, 8).
ಅಕ್ಟೋಬರ್ 11: ತಾಯಿ ಬಿಡುಗಡೆಯಾದರು (ಲಗತ್ತು 9).

ಟಿಕೆಟ್: ಕಟ್ಟಿದ್ದು 52,400, ಮರಳಿ ಬಂದದ್ದು 9,150, ನಷ್ಟ 43,250 ರೂಪಾಯಿ.
ಹೋಟೆಲ್: ಕಟ್ಟಿದ್ದು 28,600, ಮರಳಿ ಬಂದದ್ದು ಇಲ್ಲ, ನಷ್ಟ 28,600 ರೂಪಾಯಿ.
ಒಟ್ಟು ಕೋರಿಕೆ: 71,850 ರೂಪಾಯಿ."

ಬಿದ್ದ ದಿನವೇ ಟಿಕೆಟ್ ಏಕೆ ರದ್ದು ಮಾಡಲಿಲ್ಲ ಎಂದು ಕೇಳಬಹುದೆಂದು ಊಹಿಸಿ, ಶಸ್ತ್ರಚಿಕಿತ್ಸೆಯ ನಿರ್ಧಾರ 3ರ ಸಂಜೆಗೆ ಆಯಿತು, ದೀರ್ಘ ಆರೈಕೆ ಬೇಕೆಂದು ವೈದ್ಯರು 5ರಂದು ಹೇಳಿದರು ಎಂದು ಒಂದು ವಾಕ್ಯವನ್ನು ಸೇರಿಸಿದೆ. ರದ್ದತಿ ತಡವಾದಷ್ಟೂ ಕಡಿತ ಏರುವುದರಿಂದ, ಆ ಮೂರು ದಿನಗಳಿಗೆ ಕಾರಣ ಹೇಳದಿದ್ದರೆ ಆ ಹೆಚ್ಚುವರಿ ನಷ್ಟ ನನ್ನ ತಲೆಗೇ ಬರುತ್ತಿತ್ತು. ವೀಸಾ ಶುಲ್ಕವನ್ನು ನಾನು ಕೇಳಲಿಲ್ಲ. ಪಾಲಿಸಿಯಲ್ಲಿ ಪ್ರಯಾಣ ಮತ್ತು ವಸತಿ ಎರಡೇ ಇದ್ದವು.

ಲಗತ್ತುಗಳಿಗೆಲ್ಲ ಬಲಮೂಲೆಯಲ್ಲಿ ಪೆನ್ನಿನಿಂದ ಸಂಖ್ಯೆ ಬರೆದು, ಪ್ರಶ್ನೆಗಳಿಗೆ ಉತ್ತರವಾದ ಹೊಸ ಪ್ರಮಾಣಪತ್ರ ಮತ್ತು ಅಫಿಡವಿಟ್‌ಗಳನ್ನು 10 ಮತ್ತು 11 ಎಂದು ಕೊನೆಗಿಟ್ಟು, ಬ್ಯಾಂಕಿನ ರದ್ದು ಮಾಡಿದ ಚೆಕ್ಕಿನೊಂದಿಗೆ ಸ್ಕ್ಯಾನ್ ಮಾಡಿ ಒಂದೇ ಕಡತವಾಗಿ ಕಳಿಸಿದೆ. ಡಿಸೆಂಬರ್ 3ರಂದು ಖಾತೆಗೆ ಹಣ ಬಂತು. ಪಾಲಿಸಿಯಲ್ಲಿ ಬರೆದಂತೆ ತಲಾ 50 ಡಾಲರಿನಷ್ಟನ್ನು ಇಬ್ಬರಿಂದಲೂ ಕಳೆದು ಉಳಿದದ್ದನ್ನು ಕೊಟ್ಟಿದ್ದರು. ಆ ಕಡಿತದ ಬಗ್ಗೆ ಅವರು ಕಳಿಸಿದ ಲೆಕ್ಕದ ಹಾಳೆಯನ್ನು ಕಡತದಲ್ಲಿ 12ನೆಯ ಲಗತ್ತಾಗಿ ಸೇರಿಸಿಟ್ಟಿದ್ದೇನೆ.