ನಾಲ್ಕನೇ ಮಾತ್ರೆಗೆ ಕಾಲು ಎಲ್ಲಿರುತ್ತದೆ?

ಬೆಳಗಾವಿಯಲ್ಲಿ ಕೀಬೋರ್ಡ್ ಕಲಿಯುವಾಗ ನನ್ನನ್ನು ಬಹಳ ದಿನ ಕಾಡಿದ್ದು 6/8 ತಾಳ. ಸ್ವರಗಳು ಸರಿಯಾಗಿ ಬರುತ್ತಿದ್ದವು. ಒಂದರಿಂದ ಆರರವರೆಗೆ ಎಣಿಸುತ್ತಲೂ ಇದ್ದೆ. ಆದರೂ ಕೇಳಿದವರು "ಇದು 3/4 ಇದ್ದಂಗ ಐತಲ್ಲ" ಅನ್ನುತ್ತಿದ್ದರು. ಎರಡರಲ್ಲೂ ಒಂದು ಬಾರ್‌ಗೆ ಆರು ಎಯ್ತ್ ನೋಟ್ ಹಿಡಿಸುತ್ತವೆ, ಅಲ್ವಾ? ಮತ್ತೆ ಬೇರೆ ಏನಿದೆ ಅನ್ನುವುದು ನನಗೆ ತಿಳಿಯುತ್ತಿರಲಿಲ್ಲ.

ಪಕ್ಕದ ಮನೆಯ ಕಾಕಾ ತಬಲಾ ನುಡಿಸುತ್ತಿದ್ದರು. ಒಂದು ಸಂಜೆ ನನ್ನ ಅಭ್ಯಾಸ ಕೇಳಿ, "ತಮ್ಮಾ, ನಾಕನೇ ಮಾತ್ರಿಗೆ ನಿನ್ನ ಕಾಲ ಎಲ್ಲಿರ್ತೈತಿ?" ಅಂದರು. ನೋಡಿಕೊಂಡೆ. ಒಂದು, ಮೂರು, ಐದಕ್ಕೆ ಕಾಲು ನೆಲ ತಟ್ಟುತ್ತಿತ್ತು. ನಾಲ್ಕಕ್ಕೆ ಗಾಳಿಯಲ್ಲಿತ್ತು. ಅವರು ತೊಡೆಯ ಮೇಲೆ ಆರು ಮಾತ್ರೆಯ ದಾದರಾ ತಾಳ ಬಾರಿಸಿದರು: ಧಾ ಧಿಂ ನಾ, ಧಾ ತಿಂ ನಾ. ಒಂದಕ್ಕೆ ಸಮ್, ನಾಲ್ಕಕ್ಕೆ ಖಾಲಿ. ದಾದರಾ ಅಂದರೆ 6/8 ಅಂತಲ್ಲ. ಆದರೆ ಮೂರು ಮೂರರ ಕಟ್ಟು ಎರಡರಲ್ಲೂ ಒಂದೇ. 6/8ರಲ್ಲಿ ಬೀಟ್ ಎರಡೇ, ಒಂದೊಂದರ ಹೊಟ್ಟೆಯಲ್ಲಿ ಮೂರು. 3/4ರಲ್ಲಿ ಬೀಟ್ ಮೂರು, ಒಂದೊಂದರಲ್ಲಿ ಎರಡು.

ಆಮೇಲೆ ನಾನು ಅಂಕಿ ಎಣಿಸುವುದು ಬಿಟ್ಟು ಮಾತು ಹಿಡಿದೆ. 6/8ಕ್ಕೆ "ಜೋಳದ ರೊಟ್ಟಿಯ". 3/4ಕ್ಕೆ "ರೊಟ್ಟಿ ಚಟ್ನಿ ಬೆಣ್ಣೆ". ಎರಡರಲ್ಲೂ ಆರೇ ಅಕ್ಷರ. ಪ್ರತಿ ಅಕ್ಷರಕ್ಕೂ ಒಂದೇ ಅಳತೆ ಕೊಡಬೇಕು, "ಜೋ" ದೀರ್ಘ ಅಂತ ಎಳೆಯಬಾರದು. ಮೆಟ್ರೊನೋಮ್ 60ಕ್ಕೆ ಇಟ್ಟು, ಒಂದು ಸದ್ದಿಗೆ "ಜೋಳದ", ಮುಂದಿನದಕ್ಕೆ "ರೊಟ್ಟಿಯ" ಅಂದೆ. ಬಾರ್ ಎರಡು ಸೆಕೆಂಡಿಗೆ ಮುಗಿಯಿತು. ನಂತರ 90ಕ್ಕೆ ಇಟ್ಟು "ರೊಟ್ಟಿ", "ಚಟ್ನಿ", "ಬೆಣ್ಣೆ" ಅಂದೆ. ಆಗಲೂ ಎರಡೇ ಸೆಕೆಂಡ್! ಅಕ್ಷರಗಳ ವೇಗ ಚೂರೂ ಬದಲಾಗಿರಲಿಲ್ಲ, ಒತ್ತು ಬೀಳುವ ಜಾಗ ಮಾತ್ರ ಸರಿದಿತ್ತು. ನಾನು ಮೊದಲು ಮಾಡುತ್ತಿದ್ದ ತಪ್ಪು ಇಲ್ಲೇ ಇತ್ತು. 6/8ಕ್ಕೂ ಮೆಟ್ರೊನೋಮನ್ನು ಕ್ವಾರ್ಟರ್ ನೋಟ್‌ಗೆ ಇಡುತ್ತಿದ್ದೆ. ಅದು ಮೂರು ಎಯ್ತ್ ನೋಟ್ ಹಿಡಿಸುವ ಡಾಟೆಡ್ ಕ್ವಾರ್ಟರ್‌ಗೆ ಬಡಿಯಬೇಕು.

ಕೈಗಿಂತ ಕಾಲಿಗೆ ಇದು ಬೇಗ ಹತ್ತಿತು. ಕೋಟೆ ಕೆರೆ ಕಡೆ ನಡೆಯುವಾಗ ಬೀಟಿಗೊಂದು ಹೆಜ್ಜೆ ಇಟ್ಟು ಮನಸ್ಸಿನಲ್ಲೇ ಹೇಳಿಕೊಳ್ಳುತ್ತಿದ್ದೆ. "ಜೋಳದ ರೊಟ್ಟಿಯ" ಅಂದರೆ ಪ್ರತಿ ಬಾರ್ ಎಡಗಾಲಿನಿಂದಲೇ ಶುರು. "ರೊಟ್ಟಿ ಚಟ್ನಿ ಬೆಣ್ಣೆ" ಅಂದರೆ ಒಂದು ಬಾರ್ ಎಡಗಾಲಿಗೆ, ಮುಂದಿನದು ಬಲಗಾಲಿಗೆ. 6/8 ಹೇಳುತ್ತಾ ಬಲಗಾಲಿನಿಂದ "ಜೋ" ಶುರುವಾದರೆ ಎಲ್ಲೋ ಜಾರಿದ್ದೇನೆ ಅಂತಲೇ ಅರ್ಥ. ಈಗ ನನ್ನ ಹತ್ತಿರ ಕಲಿಯುವ ಮಕ್ಕಳನ್ನೂ ಮೊದಲು ಅಂಗಳದಲ್ಲಿ ನಡೆಸುತ್ತೇನೆ, ಕೀಬೋರ್ಡ್ ಆಮೇಲೆ.

ತುಂಬಾ ನಿಧಾನದ 6/8 ಬಂದಾಗ ಮಾತ್ರ ಎರಡು ಬೀಟ್ ಸಾಲುವುದಿಲ್ಲ, ನಡುವೆ ಜಾಗ ಜಾಸ್ತಿಯಾಗಿ ಕೈ ಓಡುತ್ತದೆ. ಅಲ್ಲಿ ಈಗಲೂ ಆರೂ ಎಣಿಸುತ್ತೇನೆ. ಕಾಲು ಮಾತ್ರ ಒಂದಕ್ಕೆ, ನಾಲ್ಕಕ್ಕೆ.