ಗೇರುಬೀಜದ ಪೌಚ್: ಮೂರು ಕೊಟೇಶನ್, ಮೂರು ಲೆಕ್ಕ, ಒಂದು ಟೇಬಲ್

ಉಡುಪಿ ಜಿಲ್ಲೆಯ ಒಂದು ಗೇರುಬೀಜ ಕಾರ್ಖಾನೆಯಲ್ಲಿ ನಾನು ಖರೀದಿ ನೋಡಿಕೊಳ್ಳುತ್ತೇನೆ. ಕೊಟೇಶನ್ ತರಿಸುವುದು ಕಷ್ಟವಲ್ಲ, ಒಂದು ಮೇಲ್ ಹಾಕಿದರೆ ಬರುತ್ತದೆ. ಬಂದದ್ದನ್ನು ಪಕ್ಕಪಕ್ಕ ಇಡುವುದೇ ಕಷ್ಟ. ಒಬ್ಬರು ಕಿಲೋಗೆ ರೇಟು ಹೇಳುತ್ತಾರೆ, ಇನ್ನೊಬ್ಬರು ಸಾವಿರಕ್ಕೆ, ಮತ್ತೊಬ್ಬರು ಒಂದಕ್ಕೆ. ಯಾವುದು ಕಡಿಮೆ ಎಂದು ಧಣಿಗಳು ಕೇಳಿದರೆ ಮೇಲ್ ನೋಡಿ ಉತ್ತರ ಕೊಡುವ ಹಾಗಿಲ್ಲ. ಅದಕ್ಕೇ ಟೇಬಲ್. ಒಂದು ಖರೀದಿಯ ಲೆಕ್ಕವನ್ನು ಪೂರ್ತಿ ಬಿಡಿಸಿ ಹೇಳುತ್ತೇನೆ.

ಬೇಕಾಗಿದ್ದದ್ದು ಒಂದು ಕಿಲೋ ತಿರುಳು ತುಂಬುವ ವ್ಯಾಕ್ಯೂಮ್ ಪೌಚ್. ನೈಲಾನ್ ಮತ್ತು ಪಾಲಿಥಿನ್ ಪದರಗಳ ಫಿಲ್ಮ್, ಪ್ರಿಂಟ್ ಇಲ್ಲ, 20 ಸೆಂಟಿಮೀಟರ್ ಅಗಲ, 30 ಉದ್ದ, 90 ಮೈಕ್ರಾನ್ ದಪ್ಪ. ಒಟ್ಟು 30,000 ಪೌಚ್. ಮೂರು ಕಡೆಯಿಂದ ಉತ್ತರ ಬಂತು. ಬೆಂಗಳೂರಿನವರು ಕಿಲೋಗೆ 285 ರೂಪಾಯಿ ಎಂದರು. ಜಿಎಸ್‌ಟಿ ಬೇರೆ, ಲಾರಿ ಬಾಡಿಗೆ ನಮ್ಮದು, ಅರ್ಧ ಹಣ ಮುಂಗಡ. ಕೊಯಮತ್ತೂರಿನವರದು ಸಾವಿರಕ್ಕೆ 3,050. ಜಿಎಸ್‌ಟಿ ಬೇರೆ, ಪೂರ್ತಿ ಹಣ ಮೊದಲೇ, ಬಾಡಿಗೆಯ ಸುದ್ದಿಯೇ ಇಲ್ಲ. ಬೈಕಂಪಾಡಿಯವರು ಒಂದಕ್ಕೆ 3.78, ಎಲ್ಲ ಸೇರಿ, ಕಾರ್ಖಾನೆ ಬಾಗಿಲಿಗೆ, 30 ದಿನ ಸಾಲ ಎಂದು ಎರಡೇ ಸಾಲು ಬರೆದಿದ್ದರು.

ಟೇಬಲ್ ಮಾಡುವಾಗ ನನ್ನದೊಂದು ಹಟ ಇದೆ. ಮೊದಲ ಕಾಲಮಿನಲ್ಲಿ ಮೇಲ್‌ನ ಸಾಲನ್ನು ಹೇಗಿದೆಯೋ ಹಾಗೇ ಅಂಟಿಸುತ್ತೇನೆ, ಅದೇ ಖಾನೆಯ ಕೊನೆಗೆ ಮೇಲ್‌ನ ತಾರೀಖು. ನಾನು ತೆಗೆದ ಅಂಕಿ ಪಕ್ಕದ ಕಾಲಮಿನಲ್ಲಿ. ನಾಲ್ಕು ದಿನ ಬಿಟ್ಟು ಯಾರಾದರೂ ‘ಈ 285 ಎಲ್ಲಿಂದ ಬಂತು’ ಎಂದರೆ ಇನ್‌ಬಾಕ್ಸ್ ಕೆದಕುವುದು ತಪ್ಪುತ್ತದೆ. ತಾರೀಖು ಯಾಕೆಂದರೆ, ಚೌಕಾಸಿ ನಡೆದ ಹಾಗೆ ಒಂದೇ ಥ್ರೆಡ್‌ನಲ್ಲಿ ಎರಡು ಮೂರು ರೇಟು ಕೂತಿರುತ್ತವೆ. ಹಳೆಯ ರೇಟು ಕೆಳಗೆ ಕೋಟ್ ಆಗಿ ಹಾಗೇ ಉಳಿದಿರುತ್ತದೆ.

ಮೂರು ಮೇಲ್ ಇದ್ದರೆ ಅಂಕಿಯನ್ನು ಕೈಯಲ್ಲೇ ಟೈಪ್ ಮಾಡಿ, ಸುಮ್ನೆ ಫಾರ್ಮುಲಾ ಬೇಡ. ಮಷೀನ್ ಬಿಡಿಭಾಗದ ಹಾಗೆ ಮೂವತ್ತು ನಲವತ್ತು ಸಾಲು ಇದ್ದಾಗ ಗೂಗಲ್ ಶೀಟ್ಸ್‌ನಲ್ಲಿ ಇದನ್ನು ಹಾಕುತ್ತೇನೆ:

```
=VALUE(SUBSTITUTE(REGEXEXTRACT(A2,
"(?i)(?:\brs\.?|\binr|₹)\s*([\d,]+\.?\d*)"),",",""))
```

ಸಾಲಿನಲ್ಲಿ ರೂಪಾಯಿ ಗುರುತಿನ ನಂತರ ಬರುವ ಮೊದಲ ಅಂಕಿಯನ್ನು ಇದು ಎತ್ತಿಕೊಂಡು ಕಾಮಾ ತೆಗೆಯುತ್ತದೆ. ಒಳಗಿರುವ `\b` ಬಿಟ್ಟರೆ ಒಂದು ಮಜಾ ಆಗುತ್ತದೆ. ಬೆಂಗಳೂರಿನ ಮೇಲ್‌ನಲ್ಲಿ ಸಾಲು ಹೀಗಿತ್ತು: `For orders 300 kg and above, Rs. 285 per kg`. `orders` ಪದದ ಬಾಲದಲ್ಲಿ `rs` ಇದೆ, ಅದರ ಮುಂದೆ 300 ಇದೆ. ಫಾರ್ಮುಲಾ 300 ತಂದು ಕೂರಿಸುತ್ತದೆ, ನೋಡಿದರೆ ರೇಟಿನ ಹಾಗೇ ಕಾಣುತ್ತದೆ. ಬೈಕಂಪಾಡಿಯವರ ಹಾಗೆ ರೂಪಾಯಿ ಗುರುತೇ ಹಾಕದೆ ಬರೀ `@ 3.78` ಎಂದು ಬರೆದರೆ `#N/A` ಬರುತ್ತದೆ. ಅದು ಒಳ್ಳೆಯದೇ, ಕಣ್ಣಿಗೆ ಬೀಳುತ್ತದೆ ಅಲ್ವಾ. ಸರಿಯಾಗಿ ಕಾಣುವ ತಪ್ಪು ಅಂಕಿಗೇ ನಾನು ಜಾಸ್ತಿ ಹೆದರುವುದು.

ಈಗ ಮೂರನ್ನೂ ಒಂದೇ ಅಳತೆಗೆ ತರಬೇಕು. ನಮಗೆ ಬೇಕಾದ ಅಳತೆ: ಒಂದು ಪೌಚ್, ಜಿಎಸ್‌ಟಿ ಬಿಟ್ಟು, ನಮ್ಮ ಗೇಟಿಗೆ ಬಂದು ಇಳಿದ ರೇಟು. ಜಿಎಸ್‌ಟಿ ಯಾಕೆ ಬಿಡುವುದೆಂದರೆ ಅದು ನಮಗೆ ಇನ್‌ಪುಟ್ ಕ್ರೆಡಿಟ್ ಆಗಿ ವಾಪಸ್ ಸಿಗುತ್ತದೆ. ಕಾಂಪೊಸಿಷನ್ ಸ್ಕೀಮಿನಲ್ಲಿರುವ ಅಂಗಡಿಯವರಿಗೆ ಕ್ರೆಡಿಟ್ ಇಲ್ಲ, ಅವರು ಟ್ಯಾಕ್ಸ್ ಸೇರಿಸಿಯೇ ಹೋಲಿಸಬೇಕು. ಈ ಪೌಚಿಗೆ ಜಿಎಸ್‌ಟಿ 18 ಶೇಕಡಾ. ಹಾಗಾಗಿ ಬೈಕಂಪಾಡಿಯವರ 3.78 ಅನ್ನು 1.18ರಿಂದ ಭಾಗಿಸಿದರೆ 3.20. ಮೇಲ್ ನೋಡಿದಾಗ ಎಲ್ಲರಿಗಿಂತ ದುಬಾರಿ ಅನಿಸಿದ್ದು ಇದೇ. ಆದರೂ ನಾನು ಫೋನ್ ಮಾಡಿ ಖಾತ್ರಿ ಮಾಡಿಕೊಂಡೆ.

“ಎಲ್ಲ ಸೇರಿ ಅಂದ್ರೆ ಜಿಎಸ್‌ಟಿ ಸೇರಿಸಿಯೇ ಅಲ್ವಾ? ಬಿಲ್ಲಿನಲ್ಲಿ ಬೇರೆ ತೋರಿಸ್ತೀರಲ್ಲ?”

“ಹೌದು ಮಾರಾಯ್ರೆ, ಬಿಲ್ ಪಕ್ಕಾ ಉಂಟು. ನಿಮ್ಮ ಹಳೇ ಅಕೌಂಟೆಂಟ್ ಟ್ಯಾಕ್ಸ್ ಸೇರಿಸಿಯೇ ಹೇಳಿ ಅಂತಿದ್ರು, ಅದಕ್ಕೆ ಹಾಗೆ ಬರ್ದದ್ದು.”

ಕಿಲೋ ರೇಟು ಇನ್ನೂ ಸೂಕ್ಷ್ಮ. ಕಿಲೋವನ್ನು ಪೌಚಿಗೆ ತಿರುಗಿಸಲು ಒಂದು ಪೌಚಿನ ತೂಕ ಗೊತ್ತಿರಬೇಕು. ಕಾಗದದ ಮೇಲಿನ ಲೆಕ್ಕ ಹೀಗೆ: ಎರಡು ಬದಿ, 20 ಗುಣಿಸು 30, ಅಂದರೆ 1,200 ಚದರ ಸೆಂಟಿಮೀಟರ್. 90 ಮೈಕ್ರಾನ್ ಅಂದರೆ 0.009 ಸೆಂಟಿಮೀಟರ್. ಗುಣಿಸಿದರೆ 10.8 ಘನ ಸೆಂಟಿಮೀಟರ್. ಪಾಲಿಥಿನ್ ನೀರಿಗಿಂತ ಸ್ವಲ್ಪ ಹಗುರ, ನೈಲಾನ್ ಸ್ವಲ್ಪ ಭಾರ, ಎರಡೂ ಸೇರಿದ ಈ ಫಿಲ್ಮಿಗೆ ನಾನು ಘನ ಸೆಂಟಿಮೀಟರಿಗೆ 0.96 ಗ್ರಾಂ ಹಿಡಿಯುತ್ತೇನೆ. ಪೌಚ್ 10.4 ಗ್ರಾಂ ಆಯಿತು. ಕಿಲೋಗೆ 285ರ ಲೆಕ್ಕದಲ್ಲಿ ಒಂದಕ್ಕೆ 2.96. ಬಾಡಿಗೆ ಹಮಾಲಿ ಎಲ್ಲ ಸೇರಿ ಟ್ರಾನ್ಸ್‌ಪೋರ್ಟಿನವರು ಸುಮಾರು 3,000 ಹೇಳಿದರು, ಪೌಚಿಗೆ 10 ಪೈಸೆ. 3.06 ಆಯಿತು. ಬೆಂಗಳೂರೇ ಗೆದ್ದ ಹಾಗೆ ಕಾಣುತ್ತದೆ.

ಅಲ್ಲಿಗೇ ಆರ್ಡರ್ ಹಾಕಬಾರದು. ಸ್ಯಾಂಪಲ್ ತರಿಸಿ ತೂಗಿ. ಒಂದೆರಡು ಪೌಚ್ ತೂಗಿದರೆ ಪ್ರಯೋಜನವಿಲ್ಲ, ನೂರು ತೂಗಬೇಕು. ಬೆಂಗಳೂರಿನ ನೂರು ಪೌಚ್ ನಮ್ಮ ತಕ್ಕಡಿಯಲ್ಲಿ 1.12 ಕಿಲೋ ತೂಗಿತು. ಅಂದರೆ ಒಂದಕ್ಕೆ 11.2 ಗ್ರಾಂ. ಇದು ಮೋಸವಲ್ಲ. ಫಿಲ್ಮಿನ ದಪ್ಪದಲ್ಲಿ ಹತ್ತು ಶೇಕಡಾ ಹೆಚ್ಚುಕಡಿಮೆ ಆಗಬಹುದು ಎಂದು ಅವರ ಕೊಟೇಶನ್ನಿನ ಕೊನೆಯಲ್ಲೇ ಇತ್ತು. ಆದರೆ ಕಿಲೋಗೆ ಮಾರುವವರಿಗೆ ದಪ್ಪ ಹೆಚ್ಚಾದರೆ ಲಾಭ, ಒಂದಕ್ಕೆ ಇಷ್ಟು ಎಂದು ಮಾರುವವರಿಗೆ ತೆಳ್ಳಗಾದರೆ ಲಾಭ. ಆ ಹತ್ತು ಶೇಕಡಾ ಯಾವ ಕಡೆ ವಾಲುತ್ತದೆ ಎಂದು ನೀವೇ ಊಹಿಸಿ. 11.2 ಗ್ರಾಂ ಹಾಕಿದರೆ ರೇಟು 3.19, ಬಾಡಿಗೆ ಸೇರಿ 3.29. 30,000 ಪೌಚಿಗೆ ಸುಮಾರು 6,800 ರೂಪಾಯಿ ವ್ಯತ್ಯಾಸ. ಇನ್ನೊಂದು ಅಪಾಯವೂ ಇದೆ. ಕಾಗದದ ಲೆಕ್ಕ ನಂಬಿ 312 ಕಿಲೋ ಎಂದು ಆರ್ಡರ್ ಕೊಟ್ಟರೆ ಕೈಗೆ ಬರುವುದು 28,000ಕ್ಕಿಂತ ಕಡಿಮೆ ಪೌಚ್.

ಮೂರಕ್ಕೂ ಒಂದೇ ಫಾರ್ಮುಲಾ ಸಾಕು. B ರೇಟು, C ಅಳತೆ, D ಟ್ಯಾಕ್ಸ್ ಸೇರಿದೆಯೇ, E ಪೌಚಿನ ಗ್ರಾಂ, F ಒಟ್ಟು ಬಾಡಿಗೆ. G ಮತ್ತು H ಕಾಲಮ್‌ಗಳಲ್ಲಿ:

```
=IF(C2="kg",B2*E2/1000,IF(C2="1000pc",B2/1000,B2))/IF(D2="yes",1.18,1)
=IF(F2="","ASK",G2+F2/30000)
```

ಎರಡನೇ ಸಾಲಿನ `ASK` ಬಹಳ ಮುಖ್ಯ. ಕೊಯಮತ್ತೂರಿನವರು ಬಾಡಿಗೆ ಬರೆದಿರಲಿಲ್ಲ. `ASK` ಇಲ್ಲದೆ ಆ ಖಾನೆ ಖಾಲಿ ಬಿಟ್ಟರೆ ಶೀಟ್ ಅದನ್ನು ಸೊನ್ನೆ ಎಂದೇ ಕೂಡಿಸುತ್ತದೆ. ಮಾಹಿತಿ ಕೊಡದವರೇ ಎಲ್ಲರಿಗಿಂತ ಅಗ್ಗವಾಗಿ ಕಾಣುತ್ತಾರೆ. ಬಾಡಿಗೆ ನಿಜವಾಗಿ ಮಾರುವವರದ್ದೇ ಆದರೆ ಅಲ್ಲಿ 0 ಎಂದು ಟೈಪ್ ಮಾಡಬೇಕು. ಖಾಲಿ ಇದ್ದರೆ ಕೇಳಬೇಕು.

ಕೇಳಲು ಫೋನ್ ಮಾಡಿದಾಗಲೇ ಇನ್ನೊಂದು ವಿಷಯ ಹೊರಬಂತು. ಅವರ ಪಿಡಿಎಫ್‌ನಲ್ಲಿ ಐಟಂ ಹೆಸರಿನ ಬಾಲಕ್ಕೆ 80 ಮೈಕ್ರಾನ್ ಎಂದಿತ್ತು, ಅದರ ಬಗ್ಗೆ ಕೇಳಿದೆ. ಸ್ಟಾಕಿನಲ್ಲಿ ಇದ್ದದ್ದು ಅದೇ ಅಂತೆ. 80ರ ರೇಟನ್ನು 90ರ ರೇಟಿನ ಪಕ್ಕ ಇಟ್ಟರೆ ಹೋಲಿಕೆಯೇ ಅಲ್ಲ. ನಾನೇ ಗುಣಾಕಾರ ಮಾಡಿ ತುಂಬಲಿಲ್ಲ, 90ಕ್ಕೆ ಹೊಸ ರೇಟು ಮೇಲ್‌ನಲ್ಲೇ ಕೇಳಿದೆ. ಸಾವಿರಕ್ಕೆ 3,300 ಎಂದು ಬಂತು. ಬಾಡಿಗೆ 3,300 ಸೇರಿ ಒಂದಕ್ಕೆ 3.41.

ಇನ್ನು ಡೆಲಿವರಿ. ‘10-12 ದಿನ’ ಅಂದರೆ ಯಾವ ದಿನದಿಂದ, ಎಲ್ಲಿಯವರೆಗೆ? ಬೆಂಗಳೂರಿನವರ ಎಣಿಕೆ ಮುಂಗಡ ಅವರ ಖಾತೆಗೆ ಬಿದ್ದ ದಿನ ಶುರು, ಮಾಲು ಅವರ ಗೋಡೌನ್ ಬಿಟ್ಟ ದಿನ ಮುಗಿಯುತ್ತದೆ. ನಮ್ಮ ಎಣಿಕೆ ಆರ್ಡರಿನಿಂದ ಗೇಟಿನವರೆಗೆ. ಜುಲೈ 1, ಬುಧವಾರ ಆರ್ಡರ್ ಎಂದಿಟ್ಟುಕೊಂಡೆ. ಧಣಿಗಳ ಸಹಿಯಾಗಿ ಮುಂಗಡ ಹೋಗಲು 3ನೇ ತಾರೀಖು. 10-12ರಲ್ಲಿ ನಾನು ಯಾವಾಗಲೂ ದೊಡ್ಡದನ್ನೇ ಹಿಡಿಯುತ್ತೇನೆ, ಹಾಗಾಗಿ 15ಕ್ಕೆ ರವಾನೆ. ಲಾರಿಗೆ ಮೂರು ದಿನ, 18. ಮಳೆಗಾಲದಲ್ಲಿ ಶಿರಾಡಿ ಘಾಟಿಯಲ್ಲಿ ಮಣ್ಣು ಕುಸಿದರೆ ಅದೂ ಗ್ಯಾರಂಟಿ ಇಲ್ಲ. ಕೊಯಮತ್ತೂರಿನವರಿಗೆ 90 ಮೈಕ್ರಾನ್ ಹೊಸದಾಗಿ ಮಾಡಬೇಕು, 15 ದಿನ ಕೇಳಿದರು. ಹಣ ಹೋಗುವುದು, ಲಾರಿ ಬರುವುದು ಸೇರಿ 21. ಬೈಕಂಪಾಡಿಯವರದು 7 ಕೆಲಸದ ದಿನ. ಭಾನುವಾರ ಮಾತ್ರ ರಜೆ ಹಿಡಿದು `=WORKDAY.INTL(J2,7,11)` ಹಾಕಿದೆ, `J2` ಅಂದರೆ ಆರ್ಡರ್ ತಾರೀಖು ಇರುವ ಖಾನೆ. ಕೊನೆಯ 11 ಅಂದರೆ ಭಾನುವಾರ ಒಂದೇ ರಜೆ. ಬರೀ `WORKDAY` ಹಾಕಿದರೆ ಶನಿವಾರವನ್ನೂ ರಜೆ ಮಾಡಿಬಿಡುತ್ತದೆ. ಉತ್ತರ 9ನೇ ತಾರೀಖು.

ಧಣಿಗಳಿಗೆ ಕಳಿಸಿದ್ದು ಇಷ್ಟೇ:

| ಎಲ್ಲಿಯವರು | ಮೇಲ್‌ನಲ್ಲಿದ್ದ ರೇಟು | ಗೇಟಿಗೆ, ಒಂದಕ್ಕೆ | ಗೇಟಿಗೆ ಬರುವ ದಿನ | ಹಣ |
|---|---|---|---|---|
| ಬೈಕಂಪಾಡಿ | 3.78, ಟ್ಯಾಕ್ಸ್ ಸೇರಿ | 3.20 | ಜುಲೈ 9 | 30 ದಿನ ಸಾಲ |
| ಬೆಂಗಳೂರು | ಕಿಲೋಗೆ 285 | 3.29 | ಜುಲೈ 18 | ಅರ್ಧ ಮುಂಗಡ |
| ಕೊಯಮತ್ತೂರು | ಸಾವಿರಕ್ಕೆ 3,300 | 3.41 | ಜುಲೈ 21 | ಪೂರ್ತಿ ಮೊದಲೇ |

ಸಾಲದ ದಿನಗಳನ್ನು ರೇಟಿಗೆ ಸೇರಿಸಲಿಲ್ಲ. ಬ್ಯಾಂಕ್ ಓವರ್‌ಡ್ರಾಫ್ಟಿಗೆ ವರ್ಷಕ್ಕೆ 12 ಶೇಕಡಾ ಬಡ್ಡಿ ಹಿಡಿದರೂ 30 ದಿನಕ್ಕೆ ಪೌಚಿಗೆ ಮೂರು ಪೈಸೆ, ಒಟ್ಟು ಒಂಬೈನೂರರಿಂದ ಸಾವಿರ ರೂಪಾಯಿ. ಇಲ್ಲಿ ಅದರಿಂದ ಸ್ಥಾನ ಬದಲಾಗುವುದಿಲ್ಲ. ರೇಟುಗಳು ಎರಡು ಮೂರು ಪೈಸೆ ಅಂತರದಲ್ಲಿದ್ದರೆ ಆ ಲೆಕ್ಕವನ್ನೂ ಸೇರಿಸುತ್ತಿದ್ದೆ.

ಟೇಬಲ್ ಹೇಳಲಾರದ್ದು ಒಂದಿದೆ, ಸೀಲ್ ಗಟ್ಟಿಯೋ ಇಲ್ಲವೋ. ತಿರುಳಿನ ಚೂಪು ತುದಿ ಪೌಚಿನ ಮೂಲೆಗೆ ಚುಚ್ಚುತ್ತದೆ. ಅದಕ್ಕೆ ಮೂರೂ ಸ್ಯಾಂಪಲ್‌ಗಳಿಂದ ಹತ್ತು ಹತ್ತು ಪೌಚ್ ತುಂಬಿ, ವ್ಯಾಕ್ಯೂಮ್ ಎಳೆದು, ರಾತ್ರಿಯಿಡೀ ಇಟ್ಟೆವು. ಬೆಳಿಗ್ಗೆ ಕೊಯಮತ್ತೂರಿನ 80 ಮೈಕ್ರಾನಿನಲ್ಲಿ ಎರಡು ಗಾಳಿ ಹಿಡಿದು ಸಡಿಲವಾಗಿದ್ದವು, ಉಳಿದವು ಇಟ್ಟಿಗೆಯ ಹಾಗೆ ಗಟ್ಟಿ ಇದ್ದವು. ಬೈಕಂಪಾಡಿಗೆ ಆರ್ಡರ್ ಹೋಯಿತು. ಅದರಲ್ಲಿ 90 ಮೈಕ್ರಾನ್ ಜೊತೆಗೆ ‘ನೂರು ಪೌಚ್ ಒಂದು ಕಿಲೋಗಿಂತ ಕಡಿಮೆ ತೂಗಬಾರದು’ ಎಂಬ ಸಾಲನ್ನೂ ಸೇರಿಸಿದೆ. ದಪ್ಪ ಅಳೆಯುವ ಮೈಕ್ರೋಮೀಟರ್ ನಮ್ಮ ಸ್ಟೋರಿನಲ್ಲಿ ಇಲ್ಲ, ತಕ್ಕಡಿ ಇದೆ.