ಸೋರುವ ಮನೆಗೆ ಮೂರು ಗಡುವು: ಓನರ್‌ಗೆ ನಾನು ರಿಪೇರಿ ಪತ್ರ ಬರೆದ ಬಗೆ

ಧಾರವಾಡದಲ್ಲಿ ಬಾಡಿಗೆ ಮನೆ ಸೋರಿದರೆ ಓನರ್ ಕಡೆಯಿಂದ ಬರುವ ಉತ್ತರ ಹೆಚ್ಚುಕಡಿಮೆ ಒಂದೇ. "ಮಳಿ ನಿಲ್ಲಲಿ ತಗೋರಿ, ಮಾಡಸೂಣು." ಈ ಮಾತು ಪೂರ್ತಿ ನೆಪ ಅಲ್ಲ. ಹಸಿ ಸ್ಲ್ಯಾಬ್ ಮೇಲೆ ವಾಟರ್‌ಪ್ರೂಫಿಂಗ್ ಹಿಡಿಯುವುದಿಲ್ಲ. ನಮ್ಮಲ್ಲಿ ಜುಲೈ ತಿಂಗಳಲ್ಲಿ ಜಿಟಿಜಿಟಿ ಮಳೆ ಹಿಡಿಯಿತು ಅಂದರೆ ಟೆರೇಸ್ ಒಣಗೋದೇ ಕಷ್ಟ. ಆದರೆ ನಮ್ಮ ಮನೆಯಲ್ಲಿ ಗೋಡೆಯ ಹಸಿ ಸ್ವಿಚ್ ಬೋರ್ಡ್ ಕಡೆಗೆ ಇಳಿಯುತ್ತಿತ್ತು. ಅದನ್ನು ಮಳೆ ನಿಲ್ಲುವ ತನಕ ಬಿಡೋಕೆ ಆಗಲ್ಲ, ಅಲ್ವಾ? ಅದಕ್ಕೇ ನಾನು ಪತ್ರದಲ್ಲಿ ಒಂದು ಗಡುವು ಕೊಡಲಿಲ್ಲ. ಮೂರು ಕೊಟ್ಟೆ.

ನಮ್ಮದು ಸಪ್ತಾಪುರದ ಕಡೆ ಮಹಡಿ ಮೇಲಿನ ಮನೆ. ತಲೆ ಮೇಲೆ ನೇರ ಟೆರೇಸ್. ಓನರ್ ಹುಬ್ಬಳ್ಳಿಯಲ್ಲಿ ಇರುತ್ತಾರೆ, ರಿಟೈರ್ ಆದವರು. ನಾವು ಅವರನ್ನು ಕಾಕಾ ಅಂತಲೇ ಕರೆಯುತ್ತೇವೆ. ಫೋನಿನಲ್ಲಿ ಹೇಳಿದಾಗಲೆಲ್ಲ ಚೆನ್ನಾಗಿ ಮಾತಾಡುತ್ತಿದ್ದರು. ಆದರೆ ಫೋನಿನ ಮಾತಿನಲ್ಲಿ ಗೋಡೆ ಎಷ್ಟು ಹಸಿಯಾಗಿದೆ ಅಂತ ಅವರಿಗೆ ಕಾಣುವುದಿಲ್ಲ. ಯಾವ ತಾರೀಖಿಗೆ ಏನು ಒಪ್ಪಿದೆವು ಅನ್ನೋದೂ ಇಬ್ಬರಿಗೂ ನೆನಪಿರಲ್ಲ.

ಬರೆಯುವ ಮೊದಲು ನೀರು ಎಲ್ಲಿಂದ ಬರುತ್ತಿದೆ ಅಂತ ಖಚಿತ ಮಾಡಿಕೊಂಡೆ. ಇದು ಮುಖ್ಯ. ಟೆರೇಸ್ ಮೇಲೆ ನೀರಿನ ಟ್ಯಾಂಕೂ ಇದೆ. "ಟ್ಯಾಂಕ್ ತುಂಬಿ ಹರಿಯೋ ತನಕ ಮೋಟರ್ ಬಿಟ್ಟಿರ್ತೀರಿ, ಅದಕ್ಕ ಸೋರತೈತಿ" ಅಂದರೆ ತಪ್ಪು ನಮ್ಮ ಮೇಲೆ ಬರುತ್ತದೆ. ನಮ್ಮ ಓಣಿಗೆ ನಳದ ನೀರು ದಿನಾ ಬರುವುದಿಲ್ಲ. ಅದೇ ಇಲ್ಲಿ ಉಪಯೋಗಕ್ಕೆ ಬಂತು. ಕ್ಯಾಲೆಂಡರ್ ಮೇಲೆ ನಳ ಬಿಟ್ಟ ದಿನಕ್ಕೆ ಒಂದು ಗುರುತು, ಜೋರು ಮಳೆ ಬಂದ ದಿನಕ್ಕೆ ಇನ್ನೊಂದು ಗುರುತು ಹಾಕುತ್ತಾ ಹೋದೆ. ಮಳೆ ಹೊಯ್ದ ಮಾರನೇ ಬೆಳಿಗ್ಗೆ ಗೋಡೆಯ ಹಸಿ ಬೆಳೆಯುತ್ತಿತ್ತು. ನಡುವೆ ಮಳೆ ಬಿಡುವು ಕೊಟ್ಟಾಗ ಟ್ಯಾಂಕ್ ತುಂಬಿಸಿದರೂ ಗೋಡೆ ಹಾಗೇ ಇತ್ತು. ಅಂದರೆ ಇದು ಪೈಪಿನ ನೀರಲ್ಲ, ಟ್ಯಾಂಕಿನದೂ ಅಲ್ಲ. ಮಳೆ ಇಲ್ಲದ ದಿನವೂ ಹಸಿ ಒಂದೇ ಸಮ ಬೆಳೆಯುತ್ತಿದ್ದರೆ ನಾನು ಗೌಂಡಿ ಬದಲು ಪ್ಲಂಬರ್ ಬೇಕು ಅಂತ ಬರೆಯಬೇಕಾಗುತ್ತಿತ್ತು.

ಆಮೇಲೆ ಫೋಟೋ. ಬರೀ ಕಲೆಯ ಫೋಟೋ ಹತ್ತಿರದಿಂದ ತೆಗೆದರೆ ಅದು ಯಾವ ಗೋಡೆಯದು ಅಂತಲೂ ಗೊತ್ತಾಗುವುದಿಲ್ಲ. ನಾನು ಪ್ರತಿ ಸಲ ಮೂರು ತೆಗೆದೆ. ಬಾಗಿಲಲ್ಲಿ ನಿಂತು ಇಡೀ ಕೋಣೆ, ಆಮೇಲೆ ಆ ಒಂದು ಗೋಡೆ, ಆಮೇಲೆ ಟೇಪು ಹಿಡಿದು ಹತ್ತಿರದಿಂದ. ಹಗಲು ಬೆಳಕಿನಲ್ಲಿ, ಫ್ಲ್ಯಾಶ್ ಇಲ್ಲದೆ, ಯಾವಾಗಲೂ ಅದೇ ಜಾಗದಿಂದ. ಫ್ಲ್ಯಾಶ್ ಹಾಕಿದರೆ ಹಸಿ ಗೋಡೆ ಬರೀ ಹೊಳೆಯುತ್ತದೆ, ಕಲೆಯ ಅಂಚು ಕಾಣುವುದಿಲ್ಲ. ಗಿಲಾವು ಉಬ್ಬಿದ ಕಡೆ ಮಾತ್ರ ಟಾರ್ಚನ್ನು ಗೋಡೆಗೆ ತಾಗುವಂತೆ ಪಕ್ಕದಿಂದ ಹಿಡಿದೆ. ಆಗ ಉಬ್ಬಿನ ನೆರಳು ಬಿದ್ದು ಫೋಟೋದಲ್ಲಿ ಸ್ಪಷ್ಟ ಕಾಣುತ್ತದೆ.

ಎಲ್ಲಕ್ಕಿಂತ ಜಾಸ್ತಿ ಕೆಲಸ ಮಾಡಿದ್ದು ಪೆನ್ಸಿಲ್. ಹಸಿ ಎಲ್ಲಿಗೆ ನಿಂತಿದೆಯೋ ಆ ಅಂಚಿಗೆ ಗೋಡೆಯ ಮೇಲೆ ಸಣ್ಣ ಗೆರೆ ಎಳೆದು ಪಕ್ಕದಲ್ಲಿ ತಾರೀಖು ಬರೆದೆ. ಜುಲೈ 4ರ ಗೆರೆ ಸ್ವಿಚ್ ಬೋರ್ಡಿನಿಂದ 9 ಇಂಚು ಮೇಲಿತ್ತು. ಜುಲೈ 12ರ ಗೆರೆ ಬರೀ 2 ಇಂಚು ಮೇಲಿತ್ತು. ಎರಡು ಗೆರೆ, ನಡುವೆ ಟೇಪು, ಒಂದೇ ಫೋಟೋದಲ್ಲಿ. "ಹಳೇ ಕಲೆ ಅದು, ಮೊದಲಿಂದ ಐತಿ" ಅನ್ನೋ ಮಾತಿಗೆ ಆಮೇಲೆ ಜಾಗವೇ ಉಳಿಯಲಿಲ್ಲ.

ಕಾಕಾರಿಗೆ ಹೇಳಿ ಟೆರೇಸಿಗೂ ಹತ್ತಿದೆ. ನಮ್ಮ ಕೋಣೆಯ ಮೇಲ್ಭಾಗದಲ್ಲೇ ಮಳೆನೀರು ಇಳಿಯುವ ಪೈಪಿನ ಬಾಯಿ ಇದೆ. ಅದಕ್ಕೆ ಎಲೆ ಕಟ್ಟಿಕೊಂಡು ಸುತ್ತ ನೀರು ನಿಂತಿತ್ತು. ಪ್ಯಾರಾಪೆಟ್ ಗೋಡೆ ಸ್ಲ್ಯಾಬಿಗೆ ಕೂಡುವ ಮೂಲೆಯಲ್ಲಿ ಉದ್ದಕ್ಕೆ ಬಿರುಕು. ಅದನ್ನೂ ತೆಗೆದೆ. ಒಳಗಿನ ಹಸಿ, ಮೇಲಿನ ಬಿರುಕು ಎರಡೂ ಒಂದೇ ನೇರಕ್ಕೆ ಇವೆ ಅಂತ ಗೊತ್ತಾಗಲು ಕಿಟಕಿಯಿಂದ ಎಷ್ಟು ಅಡಿ ಅಂತ ಕೆಳಗೂ ಮೇಲೂ ಅಳೆದು ಬರೆದುಕೊಂಡೆ.

ಪತ್ರ ಒಂದೇ ಹಾಳೆ. ಉದ್ದ ಬರೆದರೆ ಯಾರೂ ಓದುವುದಿಲ್ಲ. ಮೊದಲು ಮನೆಯ ವಿಳಾಸ, ಅಗ್ರಿಮೆಂಟಿನ ತಾರೀಖು. ಮುಖ್ಯ ಭಾಗ ಹೀಗಿತ್ತು:

"ಕಾಕಾರಿಗೆ ನಮಸ್ಕಾರ. ಮಲಗುವ ಕೋಣೆಯ ಪಶ್ಚಿಮದ ಗೋಡೆ ಜುಲೈ 4ರಿಂದ ಹಸಿಯಾಗಿದೆ. ಅಂದೇ ನಿಮಗೆ ಫೋನ್ ಮಾಡಿ ತಿಳಿಸಿದ್ದೆ. ಜುಲೈ 12ಕ್ಕೆ ಹಸಿ ಸ್ವಿಚ್ ಬೋರ್ಡಿನ ಹತ್ತಿರ ಬಂದಿದೆ (ಫೋಟೋ 1ರಿಂದ 4). ಟೆರೇಸಿನ ಪೈಪಿನ ಬಾಯಿ ಕಟ್ಟಿದೆ, ಪ್ಯಾರಾಪೆಟ್ ಮೂಲೆ ಬಿರಿದಿದೆ (ಫೋಟೋ 5, 6). ಆ ಕೋಣೆಯ ಕರೆಂಟನ್ನು ನಾವು ಬಂದ್ ಮಾಡಿದ್ದೇವೆ. ದಯವಿಟ್ಟು ಇಷ್ಟು ಮಾಡಿಸಿಕೊಡಿ. ಒಂದು, ಜುಲೈ 16ರ ಒಳಗೆ ಎಲೆಕ್ಟ್ರಿಷಿಯನ್ ಬಂದು ಬೋರ್ಡ್ ನೋಡಬೇಕು. ಎರಡು, ಜುಲೈ 21ರ ಒಳಗೆ ಪೈಪಿನ ಬಾಯಿ ಸ್ವಚ್ಛ ಮಾಡಿಸಿ ಬಿರುಕಿನ ಮೇಲೆ ತಾಡಪತ್ರಿ ಹಾಕಿಸಬೇಕು. ಮೂರು, ಮಳೆ ನಿಂತ ಮೇಲೆ ಅಕ್ಟೋಬರ್ 31ರ ಒಳಗೆ ಟೆರೇಸಿನ ವಾಟರ್‌ಪ್ರೂಫಿಂಗ್ ಆಗಬೇಕು. ಕೆಲಸದವರು ಯಾವ ದಿನವಾದರೂ ಬೆಳಿಗ್ಗೆ 9ರ ತನಕ, ಸಂಜೆ 6ರ ನಂತರ ಬರಬಹುದು. ಭಾನುವಾರ ಇಡೀ ದಿನ ಮನೆಯಲ್ಲೇ ಇರುತ್ತೇವೆ."

ಪತ್ರದ ತಾರೀಖು ಜುಲೈ 14. ಎಲೆಕ್ಟ್ರಿಷಿಯನ್‌ಗೆ ಎರಡು ದಿನ ಕೊಟ್ಟಿದ್ದು ಜೀವಕ್ಕೆ ಅಪಾಯ ಅಂತ. ತಾಡಪತ್ರಿಗೆ ಒಂದು ವಾರ, ಯಾಕೆಂದರೆ ಮಳೆಯಲ್ಲಿ ಗೌಂಡಿ ಸಿಗಲು ಅಷ್ಟು ಬೇಕು. ದೊಡ್ಡ ಕೆಲಸಕ್ಕೆ ಅಕ್ಟೋಬರ್ ಕೊನೆ, ಸ್ಲ್ಯಾಬ್ ಒಣಗಬೇಕಲ್ಲ. ಓನರ್‌ಗೆ ಮಾಡಲು ಸಾಧ್ಯವಾಗುವ ತಾರೀಖು ಕೊಟ್ಟರೆ ಮಾತ್ರ ಅದು ಗಡುವು. ಜುಲೈನಲ್ಲೇ ವಾಟರ್‌ಪ್ರೂಫಿಂಗ್ ಮಾಡಿಸಿ ಅಂತ ಬರೆದಿದ್ದರೆ ಅವರು ಆಗಲ್ಲ ಅಂತಿದ್ದರು, ಅವರ ಮಾತು ಸರಿಯೂ ಇರುತ್ತಿತ್ತು. "ಆದಷ್ಟು ಬೇಗ" ಅಂತ ಬರೆಯುವುದೂ ಅಷ್ಟೇ. ಆ ಬೇಗ ಯಾವತ್ತು ಮುಗಿಯಿತು ಅಂತ ಯಾರೂ ಹೇಳಲಾರರು.

ಕಾನೂನಿನ ಮಾತು ಪತ್ರದಲ್ಲಿ ಹಾಕಲಿಲ್ಲ, ಆದರೆ ತಿಳಿದುಕೊಂಡಿದ್ದೆ. 1882ರ ಆಸ್ತಿ ವರ್ಗಾವಣೆ ಕಾಯ್ದೆಯ 108ನೇ ಸೆಕ್ಷನ್‌ನಲ್ಲಿ ಒಂದು ಮಾತಿದೆ. ಮಾಲೀಕ ಮಾಡಿಸಲೇಬೇಕಾದ ರಿಪೇರಿಯನ್ನು, ನೋಟಿಸ್ ಕೊಟ್ಟು ತಕ್ಕಷ್ಟು ಸಮಯ ಕಳೆದರೂ ಮಾಡಿಸದೆ ಇದ್ದರೆ, ಬಾಡಿಗೆದಾರ ತಾನೇ ಮಾಡಿಸಿ ಆ ಖರ್ಚನ್ನು ಬಾಡಿಗೆಯಲ್ಲಿ ಕಳೆಯಬಹುದು. ಇಲ್ಲಿ ಎರಡು ಷರತ್ತು ಅಡಗಿವೆ. ಆ ರಿಪೇರಿ ಮಾಲೀಕನ ಹೊಣೆಯೇ ಆಗಿರಬೇಕು. ಅಗ್ರಿಮೆಂಟಿನಲ್ಲಿ ಬೇರೆ ರೀತಿ ಬರೆದಿದ್ದರೆ ಅದೇ ನಡೆಯುತ್ತದೆ. ನಮ್ಮ 11 ತಿಂಗಳ ಅಗ್ರಿಮೆಂಟಿನಲ್ಲಿ "ಸಣ್ಣಪುಟ್ಟ ರಿಪೇರಿ ಬಾಡಿಗೆದಾರರದು, ಕಟ್ಟಡದ ದೊಡ್ಡ ರಿಪೇರಿ ಮಾಲೀಕರದು" ಅಂತಿತ್ತು. ಟೆರೇಸ್ ಕಟ್ಟಡಕ್ಕೇ ಸೇರಿದ್ದು. ಆದರೂ ಬಾಡಿಗೆ ನಿಲ್ಲಿಸುವ ಯೋಚನೆ ನಾನು ಮಾಡಲಿಲ್ಲ. ಎಲ್ಲ ಸರಿ ಇದ್ದರೂ ಬಾಡಿಗೆ ನಿಂತಿತು ಅಂದರೆ ಜಗಳದ ವಿಷಯ ಸೋರುವ ಗೋಡೆ ಬಿಟ್ಟು ಬಾಡಿಗೆ ಬಾಕಿಯ ಕಡೆ ತಿರುಗುತ್ತದೆ. ಪ್ರತಿ ತಿಂಗಳೂ ಸರಿಯಾದ ದಿನಕ್ಕೆ ಅಕೌಂಟಿಗೆ ಹಾಕಿದೆ.

ಪತ್ರವನ್ನು ಎರಡು ಪ್ರಿಂಟ್ ತೆಗೆದು ನಾನೇ ಹುಬ್ಬಳ್ಳಿಗೆ ಹೋಗಿ ಕೊಟ್ಟೆ. ನನ್ನ ಪ್ರತಿಯ ಮೇಲೆ "ಪತ್ರ ಮುಟ್ಟಿದೆ" ಅಂತ ಬರೆಸಿ, ಸಹಿ, ತಾರೀಖು ಹಾಕಿಸಿಕೊಂಡೆ. ಕಾಕಾ ಸ್ವಲ್ಪ ಬೇಜಾರಾದರು. "ಏನವಾ, ಕೋರ್ಟಿಗೆ ಹೋಗೋರ ಹಂಗ ಸಹಿ ತಗೋತಿಯಲ್ಲ?"

"ಇಲ್ರಿ ಕಾಕಾ, ಯಾವ ಕೆಲಸ ಯಾವಾಗ ಅಂತ ಇಬ್ಬರಿಗೂ ನೆನಪಿರಲಿ ಅಂತ. ಕರೆಂಟಿನ ವಿಷಯರೀ, ಮನ್ಯಾಗ ಸಣ್ಣ ಹುಡುಗ ಅದಾನ."

ಆಮೇಲೆ ಅವರು ಫೋಟೋ ಒಂದೊಂದೇ ನೋಡಿದರು. ಎರಡು ಗೆರೆಯ ಫೋಟೋ ಹತ್ತಿರ ಹಿಡಿದು ತಾರೀಖು ಓದಿದರು. ಸಹಿ ಮಾಡಿದರು. ಸಹಿ ಮಾಡಲು ಒಪ್ಪದಿದ್ದರೆ ಸ್ಪೀಡ್ ಪೋಸ್ಟಿನಲ್ಲಿ ಕಳಿಸಿ ರಸೀದಿ ಇಟ್ಟುಕೊಳ್ಳುವುದು ಅಂತ ಮೊದಲೇ ಯೋಚಿಸಿದ್ದೆ. ಅದೇ ದಿನ ವಾಟ್ಸಾಪಿನಲ್ಲೂ ಕಳಿಸಿದೆ, ಆದರೆ ಫೋಟೋಗಳನ್ನು ಡಾಕ್ಯುಮೆಂಟ್ ಆಗಿ. ಸುಮ್ನೆ ಫೋಟೋ ಅಂತ ಕಳಿಸಿದರೆ ವಾಟ್ಸಾಪ್ ಅದನ್ನು ಕುಗ್ಗಿಸುತ್ತದೆ, ತೆಗೆದ ದಿನ, ಸಮಯದ ಮಾಹಿತಿಯೂ ಹೋಗುತ್ತದೆ. ಮೂಲ ಫೋಟೋಗಳನ್ನು ಫೋನಿನಿಂದ ಅಳಿಸಲಿಲ್ಲ.

ಕೆಲಸಕ್ಕೆ ದಾರಿ ಮಾಡಿದ್ದು ನಿಜಕ್ಕೂ ಆ ವಾಟ್ಸಾಪ್. ಖರ್ಚು ನೋಡಿಕೊಳ್ಳುವವರು ಪುಣೆಯಲ್ಲಿರುವ ಅವರ ಮಗ ಅಂತ ನಮಗೆ ಗೊತ್ತೇ ಇರಲಿಲ್ಲ. ಕಾಕಾ ಪತ್ರ, ಫೋಟೋ ಎರಡನ್ನೂ ಹಾಗೇ ಅವರಿಗೆ ಫಾರ್ವರ್ಡ್ ಮಾಡಿದರು. ಅವರು ರಾತ್ರಿಯೇ ನನಗೆ ಫೋನ್ ಮಾಡಿದರು. ಗಡುವಿಗೆ ಮೊದಲೇ ಎಲೆಕ್ಟ್ರಿಷಿಯನ್ ಬಂದರು. ಬೋರ್ಡ್ ಬಿಚ್ಚಿದಾಗ ಒಳಗಿನ ಡಬ್ಬಿಯಲ್ಲಿ ತೇವ ಇತ್ತು. ಲೈನ್ ಕಡಿದು, ಬೋರ್ಡನ್ನು ಎದುರಿನ ಒಣ ಗೋಡೆಗೆ ಸದ್ಯಕ್ಕೆ ಹಾಕಿಕೊಟ್ಟರು. ತಾಡಪತ್ರಿ ಮಾತ್ರ ತಡ ಆಯಿತು. ಜುಲೈ 22ರ ಬೆಳಿಗ್ಗೆ ಒಂದು ಸಾಲಿನ ಮೆಸೇಜ್ ಹಾಕಿದೆ: "ಕಾಕಾ, ಪತ್ರದ ಎರಡನೇ ಕೆಲಸದ ತಾರೀಖು ನಿನ್ನೆ ಮುಗಿಯಿತು. ಗೌಂಡಿ ಯಾವತ್ತು ಬರ್ತಾರೆ ತಿಳಿಸಿ." ಸಿಟ್ಟು ಇಲ್ಲ, ಹೊಸ ದೂರು ಇಲ್ಲ. ಎರಡು ದಿನಕ್ಕೆ ಕೆಲಸ ಆಯಿತು. ಪೈಪಿನ ಬಾಯಿ ಸ್ವಚ್ಛ ಆಗಿದ್ದೇ ತಡ, ಗೋಡೆಯ ಹಸಿ ಮುಂದಕ್ಕೆ ಬರೋದು ನಿಂತಿತು.

ಅಕ್ಟೋಬರ್‌ನಲ್ಲಿ ಬಿರುಕು ಕೆತ್ತಿ ತುಂಬಿ, ಮೇಲೆ ವಾಟರ್‌ಪ್ರೂಫ್ ಕೋಟಿಂಗ್ ಎರಡು ಸಲ ಬಳಿದರು. ಗೌಂಡಿಗೆ ದುಡ್ಡು ಕೊಡುವ ಮೊದಲು ನೀರು ನಿಲ್ಲಿಸಿ ನೋಡೋಣ ಅಂತ ಮಗನಿಗೆ ಹೇಳಿದ್ದೆ. ಕೋಟಿಂಗ್ ಪೂರ್ತಿ ಒಣಗಿದ ಮೇಲೆ ಪೈಪಿನ ಬಾಯಿ ಮುಚ್ಚಿ, ಎರಡು ಇಂಚು ನೀರು ಎರಡು ದಿನ ನಿಲ್ಲಿಸಿದೆವು. ಒಳಗೆ ಅದೇ ಬಾಗಿಲಲ್ಲಿ ನಿಂತು ಅದೇ ಮೂರು ಫೋಟೋ ತೆಗೆದೆ. ಹೊಸ ಹಸಿ ಇರಲಿಲ್ಲ.

ಒಳಗಿನ ಗೋಡೆಗೆ ತಕ್ಷಣ ಬಣ್ಣ ಹಚ್ಚಿಸುವುದು ಬೇಡ ಅಂತ ನಾವೇ ಹೇಳಿದೆವು. ಗೋಡೆಯೊಳಗಿನ ತೇವ ಆರದೆ ಹಚ್ಚಿದರೆ ಬಣ್ಣ ಮತ್ತೆ ಪಕಳೆಯಾಗಿ ಏಳುತ್ತದೆ. ಅದು ಬೇಸಿಗೆಗೆ ಅಂತ ಆಯಿತು. ಆದರೆ ಅದನ್ನೂ ಬಾಯಿಮಾತಿಗೆ ಬಿಡಲಿಲ್ಲ. ಕೊನೆಯ ಮೆಸೇಜಿನಲ್ಲಿ ಇಷ್ಟು ಬರೆದೆ: "ಟೆರೇಸ್ ಕೆಲಸ ಮುಗಿದಿದೆ, ಥ್ಯಾಂಕ್ಸ್ ಕಾಕಾ. ಗೋಡೆಯ ಗಿಲಾವು, ಬಣ್ಣ ಏಪ್ರಿಲ್‌ನಲ್ಲಿ ನಿಮ್ಮ ಕಡೆಯಿಂದ. ಈ ಗೋಡೆಯ ಖರ್ಚನ್ನು ಮನೆ ಬಿಡುವಾಗ ನಮ್ಮ ಡಿಪಾಸಿಟ್‌ನಲ್ಲಿ ಹಿಡಿಯೋದಿಲ್ಲ ಅಂತ ಮಾತಾಗಿದೆ." ಕಾಕಾ "ಆಯ್ತವಾ" ಅಂತ ಉತ್ತರ ಹಾಕಿದರು. ಆ ಉತ್ತರದ ಸ್ಕ್ರೀನ್‌ಶಾಟ್ ಅಗ್ರಿಮೆಂಟಿನ ಫೈಲಿನಲ್ಲಿದೆ.